ಎರಡು ಗಂಟೆ, ಹದಿನಾಲ್ಕು ಕೆಜಿ: ಬೆಂಕಿ ಪೈಪುಗಳ ಪರೀಕ್ಷಾ ಹಾಳೆಯನ್ನು ಓದುವುದು ಹೇಗೆ?

ಅಪಾರ್ಟ್‌ಮೆಂಟ್ ಕಟ್ಟಿ ಮುಗಿದು ಬಿಲ್ಡರ್ ನಿವಾಸಿಗಳ ಸಂಘಕ್ಕೆ ಒಪ್ಪಿಸುವಾಗ ದಪ್ಪ ದಪ್ಪ ಫೈಲುಗಳು ಬರುತ್ತವೆ. ಲಿಫ್ಟಿನದು, ಜನರೇಟರಿನದು, ಕೊಳಚೆ ನೀರು ಶುದ್ಧೀಕರಣ ಘಟಕದ್ದು. ಅವುಗಳ ನಡುವೆ ಬೆಂಕಿ ಆರಿಸುವ ವ್ಯವಸ್ಥೆಯ ಫೈಲಿನಲ್ಲಿ ಒಂದೋ ಎರಡೋ ಪುಟದ ಹಾಳೆಯೊಂದು ಇರುತ್ತದೆ. ಮೇಲೆ ‘ಹೈಡ್ರೋ ಟೆಸ್ಟ್ ರಿಪೋರ್ಟ್’ ಎಂಬ ತಲೆಬರಹ, ನಡುವೆ ಕೆಲವು ಅಂಕಿಗಳು, ಕೆಳಗೆ ಮೂರು ಸಹಿ. ಗೋಡೆಯೊಳಗೆ, ಡಕ್ಟಿನೊಳಗೆ, ಫಾಲ್ಸ್ ಸೀಲಿಂಗಿನ ಮೇಲೆ ಅಡಗಿಹೋಗಿರುವ ಪೈಪುಗಳ ಬಗ್ಗೆ ನಿವಾಸಿಗಳ ಕೈಯಲ್ಲಿರುವ ಸಾಕ್ಷಿ ಅದೊಂದೇ. ಅದನ್ನು ಓದಲು ಎಂಜಿನಿಯರ್ ಆಗಿರಬೇಕಿಲ್ಲ. ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ತಿಳಿದಿದ್ದರೆ, ಆ ಹಾಳೆ ನಿಜ ಹೇಳುತ್ತಿದೆಯೋ ಬರೀ ಜಾಗ ತುಂಬಿದೆಯೋ ಎಂಬುದು ಗೊತ್ತಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೆಲಮಹಡಿಯ ಮೇಲೆ ಹನ್ನೆರಡು ಮಹಡಿಗಳ ಕಟ್ಟಡ. ಬೇಸ್‌ಮೆಂಟಿನ ಪಂಪ್ ಕೋಣೆಯಿಂದ ತಾರಸಿಯವರೆಗೆ ಸುಮಾರು 40 ಮೀಟರ್ ಎತ್ತರಕ್ಕೆ ಹೋಗುವ, ಆರು ಇಂಚಿನ ಒಂದು ರೈಸರ್. ಬೇಸ್‌ಮೆಂಟಿನಲ್ಲಿ ಅದಕ್ಕೆ ಸೇರುವ ನಾಲ್ಕು ಇಂಚಿನ 30 ಮೀಟರ್ ಅಡ್ಡ ಪೈಪು. ಪ್ರತಿ ಮಹಡಿಯಲ್ಲೂ ಅಗ್ನಿಶಾಮಕದವರು ಹೋಸ್ ಸಿಕ್ಕಿಸುವ ಕೆಂಪು ಲ್ಯಾಂಡಿಂಗ್ ವಾಲ್ವ್. ಈ ಪೈಪುಗಳ ಹೊಟ್ಟೆಯಲ್ಲಿ ಹಿಡಿಯುವ ನೀರು ಹೆಚ್ಚು ಕಡಿಮೆ 1000 ಲೀಟರ್. ಲೆಕ್ಕಕ್ಕೆ ಅನುಕೂಲವಾದ ಈ ಸಂಖ್ಯೆ ಮುಂದೆ ಕೆಲಸಕ್ಕೆ ಬರುತ್ತದೆ.

ಏನು ಮಾಡುತ್ತಾರೆ?

ಪೈಪಿನ ಒಂದು ಭಾಗವನ್ನು ಎಲ್ಲ ಕಡೆ ಮುಚ್ಚಿ, ಅದರೊಳಗೆ ನೀರು ತುಂಬಿ, ಮುಂದೆ ಅದು ಎಂದೂ ಕಾಣಬಾರದಷ್ಟು ಒತ್ತಡವನ್ನು ಬೇಕೆಂದೇ ಕೊಟ್ಟು, ಒಂದಷ್ಟು ಹೊತ್ತು ಹಾಗೇ ಹಿಡಿದಿಡುತ್ತಾರೆ. ಎಲ್ಲಾದರೂ ಸೋರಿದರೆ ಗೇಜಿನ ಮುಳ್ಳು ಇಳಿಯುತ್ತದೆ, ಕಣ್ಣಿಗೂ ಕಾಣುತ್ತದೆ. ಗಾಳಿಯಿಂದ ಮಾಡದೆ ನೀರಿನಿಂದಲೇ ಮಾಡುವುದಕ್ಕೆ ಕಾರಣವಿದೆ. ಒತ್ತಿದ ಗಾಳಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಜಾಯಿಂಟ್ ಬಿಟ್ಟುಕೊಂಡರೆ ಸಿಡಿದು ಎದುರಿಗಿದ್ದವರ ಜೀವಕ್ಕೆ ಎರವಾಗಬಹುದು. ನೀರು ಹೆಚ್ಚು ಕುಗ್ಗುವುದಿಲ್ಲ. ಒಂದಿಷ್ಟು ನೀರು ಹೊರಬಿದ್ದ ಕೂಡಲೇ ಒತ್ತಡ ಬಿದ್ದುಹೋಗುತ್ತದೆ.

ಸೈಟಿನಲ್ಲಿ ಒತ್ತಡವನ್ನು ‘ಕೆಜಿ’ಯಲ್ಲೇ ಮಾತಾಡುತ್ತಾರೆ. ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕೆಜಿ ಭಾರ ಎಂದು ಅದರ ಅರ್ಥ. ಹತ್ತು ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಹೆಚ್ಚು ಕಡಿಮೆ ಇಷ್ಟೇ ಒತ್ತಡ ಹಾಕುತ್ತದೆ. ನಮ್ಮ ಉದಾಹರಣೆಯ ಪಂಪು ನೀರು ಎಲ್ಲೂ ಹರಿಯದಿದ್ದಾಗ ಕೊಡುವ ಅತಿ ಹೆಚ್ಚಿನ ಒತ್ತಡ 9 ಕೆಜಿ ಎಂದುಕೊಳ್ಳೋಣ. ನಮ್ಮಲ್ಲಿನ ಟೆಂಡರುಗಳು ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಕೇಳುತ್ತವೆ. ಅಂದರೆ 13.5. ಅಮೆರಿಕದ ಎನ್‌ಎಫ್‌ಪಿಎ 13 ಎಂಬ ಸ್ಪ್ರಿಂಕ್ಲರ್ ಮಾನದಂಡ ಸಾಮಾನ್ಯ ಜಾಲಕ್ಕೆ 200 ಪಿಎಸ್‌ಐ ಒತ್ತಡವನ್ನು ಎರಡು ಗಂಟೆ ಹಿಡಿದಿಡಬೇಕು ಎನ್ನುತ್ತದೆ. ಅದನ್ನು ನಮ್ಮ ಅಳತೆಗೆ ತಂದರೆ 14 ಕೆಜಿಗೆ ಕೂದಲೆಳೆಯಷ್ಟು ಹೆಚ್ಚು. ನಮ್ಮ ಸೈಟುಗಳ ಹಾಳೆಗಳಲ್ಲಿ ‘14 ಕೆಜಿ, 2 ಗಂಟೆ’ ಎಂಬ ಜೋಡಿ ಇಷ್ಟೊಂದು ಸಲ ಕಾಣುವುದು ಆಶ್ಚರ್ಯವಲ್ಲ. ನಮ್ಮ ಕಟ್ಟಡಕ್ಕೆ 14.2 ಕೆಜಿಗೆ ಏರಿಸಿ ಎರಡು ಗಂಟೆ ಹಿಡಿಯುವುದೆಂದು ನಿಶ್ಚಯವಾಗಿದೆ.

ಗೇಜ್ ಎಲ್ಲಿತ್ತು?

ಹಾಳೆಯಲ್ಲಿ ಮೊದಲು ಹುಡುಕಬೇಕಾದ್ದು ಒತ್ತಡದ ಅಂಕಿಯನ್ನಲ್ಲ, ಗೇಜ್ ಇದ್ದ ಜಾಗವನ್ನು. ನಲವತ್ತು ಮೀಟರ್ ನೀರಿನ ಕಂಬ ತಾನೇ 4 ಕೆಜಿ ಒತ್ತಡ ಹಾಕುತ್ತದೆ. ಗೇಜ್ ಬೇಸ್‌ಮೆಂಟಿನಲ್ಲಿದ್ದು 14 ತೋರಿಸಿದರೆ, ತಾರಸಿಯ ತುದಿಯಲ್ಲಿ ಇರುವುದು 10 ಮಾತ್ರ. ಗೇಜ್ ತಾರಸಿಯಲ್ಲಿದ್ದು 14 ತೋರಿಸಿದರೆ, ಬುಡದಲ್ಲಿ 18 ಆಗಿರುತ್ತದೆ. ಕಟ್ಟಡಗಳಲ್ಲಿ ಹಾಕುವ ವಾಲ್ವುಗಳಲ್ಲಿ ಬಹುಪಾಲು 16ರ ದರ್ಜೆಯವು. ಮುಚ್ಚಿದ ವಾಲ್ವಿನ ಮೇಲೆ 18 ಬಿದ್ದರೆ ಅದರ ಸೀಟು ಕೆಡಬಹುದು. ಪರೀಕ್ಷೆಯೇ ಹಾನಿಗೆ ಕಾರಣವಾದಂತಾಗುತ್ತದೆ.

ಆದ್ದರಿಂದಲೇ ಒತ್ತಡವನ್ನು ಜಾಲದ ಅತ್ಯಂತ ತಗ್ಗಿನ ಜಾಗದಲ್ಲಿ ಓದಬೇಕೆಂದು ಮಾನದಂಡ ಹೇಳುತ್ತದೆ. ಹಾಗಾದರೆ ಮೇಲಿನ ಮಹಡಿಗೆ ಕಡಿಮೆ ಪರೀಕ್ಷೆ ಆದಂತಲ್ಲವೇ ಎಂದು ಕೇಳಬಹುದು. ಹೌದು, ಕಡಿಮೆಯೇ. ಆದರೆ ಪಂಪು ಓಡುವಾಗಲೂ ಆ ಮಹಡಿಗೆ ಬರುವ ಒತ್ತಡ ಅದೇ 4 ಕೆಜಿಯಷ್ಟು ಕಡಿಮೆ ಇರುತ್ತದೆ. ಕೆಳಗೆ 9 ಇದ್ದಾಗ ಮೇಲೆ 5. ಆ 5ನ್ನು ತಡೆಯಬೇಕಾದ ಪೈಪು 10ನ್ನು ತಡೆದು ತೋರಿಸಿದೆ.

ಗೇಜಿನ ಬಗ್ಗೆ ಇನ್ನೆರಡು ವಿವರಗಳು ಹಾಳೆಯಲ್ಲಿ ಇರಬೇಕು: ಅದರ ಅಳತೆಯ ವ್ಯಾಪ್ತಿ ಮತ್ತು ಕ್ಯಾಲಿಬ್ರೇಷನ್ ಪ್ರಮಾಣಪತ್ರದ ಸಂಖ್ಯೆ, ತಾರೀಖು. 0ಯಿಂದ 25 ಕೆಜಿವರೆಗಿನ, ದೊಡ್ಡ ಮುಖದ ಗೇಜ್ ಆದರೆ 14 ನಡುಮಧ್ಯೆ ಬರುತ್ತದೆ, 0.2ರ ಗೆರೆಗಳನ್ನು ಓದಬಹುದು. 0ಯಿಂದ 70ರವರೆಗಿನ ಗೇಜ್ ಹಾಕಿದರೆ ಅರ್ಧ ಕೆಜಿ ಇಳಿದದ್ದು ಕಣ್ಣಿಗೇ ಬೀಳುವುದಿಲ್ಲ. ಅಂಥ ಗೇಜಿನಲ್ಲಿ ‘ಒತ್ತಡ ಇಳಿಯಲಿಲ್ಲ’ ಎಂದು ಬರೆದರೆ ಅದಕ್ಕೆ ಬೆಲೆಯಿಲ್ಲ.

ಗಾಳಿ ಉಳಿದರೆ ಸೋರಿಕೆ ಮರೆಯಾಗುತ್ತದೆ

ನೀರನ್ನು ಬುಡದಿಂದ ನಿಧಾನವಾಗಿ ತುಂಬುತ್ತಾರೆ. ತಾರಸಿಯ ತುದಿಯಲ್ಲಿ ಗಾಳಿ ಬಿಡುವ ವಾಲ್ವು ತೆರೆದಿರುತ್ತದೆ. ಅಲ್ಲಿಂದ ಬುಸ್ ಎನ್ನುವುದು ನಿಂತು, ಗುಳ್ಳೆಯಿಲ್ಲದ ನೀರು ಒಂದೇ ಸಮ ಹರಿದ ಮೇಲೆ ಅದನ್ನು ಮುಚ್ಚಬೇಕು. ಅಡ್ಡ ಪೈಪುಗಳ ತುದಿಗಳಲ್ಲೂ ಗಾಳಿ ಸಿಕ್ಕಿಕೊಳ್ಳುತ್ತದೆ. ಪ್ರತಿ ಮಹಡಿಯ ವಾಲ್ವನ್ನು ಒಮ್ಮೆ ಸ್ವಲ್ಪ ತೆರೆದು ಬಿಡಿಸಬೇಕು. ನಂತರ ಕೈಯಿಂದಲೋ ಮೋಟಾರಿನಿಂದಲೋ ಓಡುವ ಸಣ್ಣ ಟೆಸ್ಟ್ ಪಂಪು ಹಚ್ಚಿ ಒತ್ತಡ ಏರಿಸುತ್ತಾರೆ.

ಇಲ್ಲಿ ಒಂದು ಸರಳ ಲೆಕ್ಕ ಇದೆ. ಗಾಳಿಯಿಲ್ಲದೆ ತುಂಬಿದ 1000 ಲೀಟರಿನ ಕಬ್ಬಿಣದ ಪೈಪಿಗೆ ಒಂದು ಕೆಜಿ ಒತ್ತಡ ಏರಿಸಲು ಬೇಕಾದ ಹೆಚ್ಚುವರಿ ನೀರು ಸುಮಾರು 60 ಮಿಲಿಲೀಟರ್. ನೀರು ಅಷ್ಟು ಕುಗ್ಗುತ್ತದೆ, ಪೈಪು ಅಷ್ಟು ಹಿಗ್ಗುತ್ತದೆ. ತುಂಬಿದಾಗಲೇ ಬುಡದಲ್ಲಿ 4 ಕೆಜಿ ಇರುವುದರಿಂದ 14ಕ್ಕೆ ಏರಿಸಲು ಬೇಕಾಗುವುದು 600 ಮಿಲಿಲೀಟರ್, ಅಂದರೆ ಒಂದು ಲೀಟರಿಗೂ ಕಡಿಮೆ. ತುದಿಯಲ್ಲಿ 20 ಲೀಟರ್ ಗಾಳಿ ಸಿಕ್ಕಿಕೊಂಡಿದ್ದರೆ ಅದನ್ನು ಒತ್ತಲಿಕ್ಕೇ ಇನ್ನೂ 18 ಲೀಟರ್ ನೀರು ತಳ್ಳಬೇಕು. ಟೆಸ್ಟ್ ಪಂಪಿನ ತೊಟ್ಟಿಯಲ್ಲಿ ಎಷ್ಟು ನೀರು ಖಾಲಿಯಾಯಿತು ಎಂದು ನೋಡಿದರೆ ಸಾಕು, ಗಾಳಿ ಇದೆಯೇ ಇಲ್ಲವೇ ತಿಳಿಯುತ್ತದೆ.

“ಸಾರ್, ಹತ್ತು ಲೀಟರ್ ಹೋಯ್ತು, ಮುಳ್ಳು ಏಳ್ತಾನೇ ಇಲ್ಲ” ಎಂದು ಪಂಪಿನ ಹತ್ತಿರ ಕೂತ ಪ್ಲಂಬರ್ ಕೂಗಿದರೆ, ಅನುಭವವಿರುವ ಎಂಜಿನಿಯರ್ ಹೇಳುವುದು ಒಂದೇ ಮಾತು: “ನಿಲ್ಲಿಸಪ್ಪ, ಮೇಲೆ ಗಾಳಿ ಇದೆ. ಮತ್ತೆ ಬಿಡಿಸಿ ಬಾ.”

ಗಾಳಿ ಉಳಿದರೆ ಏನಾಗುತ್ತದೆ? ಮೇಲೆ ಅದುಮಿಕೊಂಡ ಗಾಳಿ ಸ್ಪ್ರಿಂಗಿನಂತೆ ನೀರನ್ನು ಒತ್ತುತ್ತಲೇ ಇರುತ್ತದೆ. 60 ಮಿಲಿಲೀಟರ್ ಸೋರಿದಾಗ ಒಂದು ಕೆಜಿ ಇಳಿಯಬೇಕಾಗಿದ್ದ ಮುಳ್ಳು, 20 ಲೀಟರ್ ಗಾಳಿ ಇದ್ದರೆ ಅದರ ಕಾಲು ಭಾಗವಷ್ಟೇ ಇಳಿಯುತ್ತದೆ. ಸೋರುವ ಪೈಪು ಪಾಸಾಗಿಬಿಡುತ್ತದೆ. ‘ಗಾಳಿ ಬಿಡಿಸಲಾಗಿದೆ, ಒತ್ತಡ ಏರಿಸಲು ಇಷ್ಟು ನೀರು ಹಿಡಿಯಿತು’ ಎಂಬ ಸಾಲು ಹಾಳೆಯಲ್ಲಿ ಇದ್ದರೆ, ಪರೀಕ್ಷೆ ಮಾಡಿದವರಿಗೆ ಕೆಲಸ ಗೊತ್ತು ಎಂದೇ ಅರ್ಥ.

ಪಾಸು ಯಾವುದು, ಫೇಲು ಯಾವುದು?

ಇದನ್ನು ಪಂಪು ಹಚ್ಚುವ ಮೊದಲೇ ಹಾಳೆಯ ಮೇಲೆ ಬರೆದಿರಬೇಕು. ಮುಳ್ಳು ಇಳಿದ ಮೇಲೆ ‘ಇಷ್ಟು ಇಳಿದರೆ ಪರವಾಗಿಲ್ಲ’ ಎಂದು ಚೌಕಾಸಿ ಮಾಡುವ ಹಾಗಿರಬಾರದು. ನಮ್ಮ ಕಟ್ಟಡದ ಹಾಳೆಯಲ್ಲಿ ಹೀಗಿದೆ: ಎರಡು ಗಂಟೆ ಪಂಪು ಮತ್ತೆ ಹಚ್ಚಬಾರದು, ಎಲ್ಲೂ ಹನಿ ಕಾಣಬಾರದು, ಮುಳ್ಳು ಗೇಜಿನ ಒಂದು ಗೆರೆಗಿಂತ, ಅಂದರೆ 0.2 ಕೆಜಿಗಿಂತ ಹೆಚ್ಚು ಇಳಿಯಬಾರದು. ಮಾನದಂಡದ ಪ್ರಕಾರ ಒತ್ತಡ ಇಳಿಯಲೇಬಾರದು. ಒಂದು ಗೆರೆಯ ರಿಯಾಯಿತಿ ಸೋರಿಕೆಗೆ ಕೊಟ್ಟದ್ದಲ್ಲ. ಗೇಜನ್ನು ಕಣ್ಣಿನಿಂದ ಓದುವಾಗ ಅದಕ್ಕಿಂತ ಸೂಕ್ಷ್ಮವಾಗಿ ಹೇಳಲಾಗದು ಎಂಬ ಕಾರಣಕ್ಕೆ. ಮುಳ್ಳು ಆ ಗೆರೆಯೊಳಗೇ ಇದ್ದರೂ ಒಂದು ಹನಿ ಕಂಡರೆ ಫೇಲ್.

ನೆಲದಡಿ ಹೂತ ಪೈಪುಗಳಿಗೆ ನಿಯಮ ಬೇರೆ. ಅಲ್ಲಿ ರಬ್ಬರ್ ರಿಂಗಿನ ಜಾಯಿಂಟುಗಳಿರುವುದರಿಂದ, ಒತ್ತಡ ಉಳಿಸಿಕೊಳ್ಳಲು ಎಷ್ಟು ನೀರು ಮತ್ತೆ ತುಂಬಬೇಕಾಯಿತು ಎಂದು ಅಳೆದು, ಪೈಪಿನ ಉದ್ದ, ವ್ಯಾಸ ಮತ್ತು ಒತ್ತಡಕ್ಕೆ ತಕ್ಕ ಮಿತಿಯೊಡನೆ ಹೋಲಿಸುತ್ತಾರೆ. ಆ ಲೆಕ್ಕವನ್ನು ಕಟ್ಟಡದೊಳಗಿನ ಕಣ್ಣಿಗೆ ಕಾಣುವ ಪೈಪಿಗೆ ಅನ್ವಯಿಸಿ ಸೋರಿಕೆಯನ್ನು ಸಕ್ರಮ ಮಾಡುವಂತಿಲ್ಲ.

ಎರಡು ದಿನದ ಅಂಕಿಗಳು

ಈಗ ನಮ್ಮ ಕಟ್ಟಡದ ಎರಡು ಪರೀಕ್ಷೆಗಳನ್ನು ನೋಡೋಣ. ಎರಡೂ ನೆರಳಿರುವ ಡಕ್ಟಿನಲ್ಲಿ, ಬೆಳಿಗ್ಗೆ ನಡೆದವು. ಪೈಪಿನ ಮೇಲ್ಮೈ ಉಷ್ಣಾಂಶ ಎರಡೂ ಸಲ ಉದ್ದಕ್ಕೂ 24 ಡಿಗ್ರಿಯಲ್ಲೇ ಇತ್ತು.

| ಸಮಯ | ಮೊದಲ ಪರೀಕ್ಷೆ, ಕೆಜಿ | ಎರಡನೇ ಪರೀಕ್ಷೆ, ಕೆಜಿ |
|---|---|---|
| 9:30 | 14.2 | 14.2 |
| 10:00 | 13.9 | 14.1 |
| 10:30 | 13.6 | 14.1 |
| 11:00 | 13.3 | 14.1 |
| 11:30 | ನಿಲ್ಲಿಸಲಾಯಿತು | 14.1 |

ಮೊದಲ ದಿನದ ಅಂಕಿಗಳನ್ನು ನೋಡಿ. ಪ್ರತಿ ಅರ್ಧ ಗಂಟೆಗೆ ಸರಿಯಾಗಿ 0.3 ಇಳಿದಿದೆ. ಎಲ್ಲೂ ನಿಂತಿಲ್ಲ, ನಿಧಾನವೂ ಆಗಿಲ್ಲ. ಇದು ಸೋರಿಕೆಯ ಲಕ್ಷಣ. ಎರಡನೇ ದಿನ ಮೊದಲ ಅರ್ಧ ಗಂಟೆಯಲ್ಲಿ 0.1 ಇಳಿದು ಅಲ್ಲೇ ನಿಂತಿದೆ. ಅಳಿದುಳಿದ ಗಾಳಿ ನೀರಿನಲ್ಲಿ ಕರಗಿ, ಗ್ಯಾಸ್ಕೆಟ್‌ಗಳು ಕುಳಿತುಕೊಂಡು ಒತ್ತಡ ನೆಲೆಗೊಳ್ಳುವುದು ಹೀಗೆ. ಒಂದು ಅಂಕಿಗಿಂತ ಅಂಕಿಗಳ ಸಾಲು ಹೆಚ್ಚು ಹೇಳುತ್ತದೆ. ಆರಂಭ ಮತ್ತು ಕೊನೆ ಎರಡನ್ನೇ ಬರೆದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ.

ಮೊದಲ ದಿನದ ಸೋರಿಕೆ ಎಷ್ಟು ದೊಡ್ಡದು? ಬಿಡಿಸಿದ ಮೇಲೂ ಉಳಿಯುವ ಚೂರುಪಾರು ಗಾಳಿಯನ್ನು ಹಿಡಿದು, ಒಂದು ಕೆಜಿ ಇಳಿಯಲು 100 ಮಿಲಿಲೀಟರ್ ಸೋರಬೇಕು ಎಂದುಕೊಳ್ಳೋಣ. ಗಂಟೆಗೆ 0.6 ಕೆಜಿ ಇಳಿದರೆ ಗಂಟೆಗೆ 60 ಮಿಲಿಲೀಟರ್, ನಿಮಿಷಕ್ಕೆ ಒಂದು. ಒಂದು ಮಿಲಿಲೀಟರಿಗೆ ಸುಮಾರು ಇಪ್ಪತ್ತು ಹನಿ. ಅಂದರೆ ಮೂರು ಸೆಕೆಂಡಿಗೆ ಒಂದು ಹನಿ. ಹನ್ನೆರಡು ಮಹಡಿಗಳಲ್ಲಿ ಹುಡುಕಬೇಕಾದ್ದು ಅದನ್ನು.

ಹುಡುಕುವವರು ಟಾರ್ಚು, ಒಣಬಟ್ಟೆ ಹಿಡಿದು ಮಹಡಿ ಮಹಡಿ ಹತ್ತುತ್ತಾರೆ. ಮಳೆಗಾಲದಲ್ಲಿ ತಣ್ಣನೆಯ ಪೈಪು ಹೊರಗಿನ ತೇವಕ್ಕೆ ಬೆವರುತ್ತದೆ. ಆ ತೇವವನ್ನು ಸೋರಿಕೆ ಎಂದುಕೊಳ್ಳಬಾರದು. ಬಟ್ಟೆಯಿಂದ ಒರೆಸಿ ಎರಡು ನಿಮಿಷ ಕಾದು ನೋಡಬೇಕು. ಬೆವರಾದರೆ ಪೈಪಿನ ಮೈ ತುಂಬ ತೆಳ್ಳಗೆ ಮತ್ತೆ ಮೂಡುತ್ತದೆ. ಸೋರಿಕೆಯಾದರೆ ಒಂದೇ ಜಾಗದಲ್ಲಿ ಹನಿಗಟ್ಟುತ್ತದೆ. ನಮ್ಮ ಕಟ್ಟಡದಲ್ಲಿ ಅದು ಸಿಕ್ಕಿದ್ದು ಏಳನೇ ಮಹಡಿಯ ಲ್ಯಾಂಡಿಂಗ್ ವಾಲ್ವಿನ ಫ್ಲಾಂಜಿನಲ್ಲಿ. ಬೋಲ್ಟುಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿದಿದ್ದರಿಂದ ರಬ್ಬರ್ ಗ್ಯಾಸ್ಕೆಟ್ ಒಂದು ಬದಿಗೆ ಜರುಗಿ, ಎದುರು ಬದಿಯಲ್ಲಿ ಸಂದು ಬಿಟ್ಟಿತ್ತು. ಒತ್ತಡ ಇರುವಾಗಲೇ ಸ್ಪ್ಯಾನರ್ ಹಾಕಬಾರದು. ನೀರಿನ ಒತ್ತಡ ಪೂರ್ತಿ ಇಳಿಸಿ, ಗ್ಯಾಸ್ಕೆಟ್ ಬದಲಿಸಿ, ಬೋಲ್ಟುಗಳನ್ನು ಎದುರುಬದಿರು ಜೋಡಿಯಾಗಿ ಬಿಗಿದು, ಮರುದಿನ ಪೂರ್ತಿ ಎರಡು ಗಂಟೆಯ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. ನಿಲ್ಲಿಸಿದ ಕಡೆಯಿಂದ ಮುಂದುವರಿಸುವಂತಿಲ್ಲ.

ಈ ಎಲ್ಲ ಹುಡುಕಾಟಕ್ಕೆ ಜಾಯಿಂಟುಗಳು ಕಾಣುವಂತಿರಬೇಕು. ಫಾಲ್ಸ್ ಸೀಲಿಂಗ್ ಹಾಕಿ, ಡಕ್ಟ್ ಮುಚ್ಚಿ, ಗುಂಡಿಗೆ ಮಣ್ಣು ಎಳೆದ ಮೇಲೆ ಮಾಡಿದ ಪರೀಕ್ಷೆಯಲ್ಲಿ ‘ಹನಿ ಕಾಣಲಿಲ್ಲ’ ಎಂಬ ಸಾಲಿಗೆ ಅರ್ಥವಿಲ್ಲ. ಪರೀಕ್ಷೆಯ ತಾರೀಖನ್ನು ಸೀಲಿಂಗ್ ಕೆಲಸದ ತಾರೀಖಿನ ಪಕ್ಕ ಇಟ್ಟು ನೋಡಿದರೆ ಇದು ತಿಳಿಯುತ್ತದೆ.

ಬಿಸಿಲಿಗೆ ಏರುವ ಮುಳ್ಳು

ಉಷ್ಣಾಂಶದ ಕಾಲಂ ಯಾಕೆ? ಮುಚ್ಚಿದ ಪೈಪಿನಲ್ಲಿ ನೀರು ಬಿಸಿಯಾದರೆ ಹಿಗ್ಗುತ್ತದೆ, ಪೈಪು ಅಷ್ಟು ಹಿಗ್ಗುವುದಿಲ್ಲ. 25 ಡಿಗ್ರಿಯ ಆಸುಪಾಸಿನಲ್ಲಿ, ಗಾಳಿಯೇ ಇಲ್ಲದ ಕಬ್ಬಿಣದ ಪೈಪಿನಲ್ಲಿ ನೀರು ಒಂದೇ ಡಿಗ್ರಿ ಬಿಸಿಯಾದರೆ ಒತ್ತಡ ಮೂರು ಕೆಜಿಗೂ ಮಿಕ್ಕಿ ಏರಬಲ್ಲದು. ಒಂದು ಡಿಗ್ರಿ ತಣ್ಣಗಾದರೆ ಅಷ್ಟೇ ಇಳಿಯಬಲ್ಲದು. ಸೈಟಿನಲ್ಲಿ ಸ್ವಲ್ಪ ಗಾಳಿ ಉಳಿದೇ ಇರುವುದರಿಂದ ಏರಿಳಿತ ಇದಕ್ಕಿಂತ ಕಡಿಮೆ. ಆದರೂ ತಾರಸಿಯ ಮೇಲಿನ ಪೈಪಿನ ಪರೀಕ್ಷೆಯನ್ನು ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ, ಬಿಸಿಲು ಏರಿದಂತೆ ಮುಳ್ಳೂ ಏರುತ್ತದೆ. ಸಣ್ಣ ಸೋರಿಕೆಯೊಂದು ಈ ಏರಿಕೆಯಲ್ಲಿ ಮುಚ್ಚಿಹೋಗಬಹುದು. ಸಂಜೆ ಏರಿಸಿಟ್ಟು ಬೆಳಿಗ್ಗೆ ನೋಡಿದರೆ, ಎಲ್ಲೂ ಸೋರದ ಪೈಪೂ ಫೇಲಾದಂತೆ ತೋರಬಹುದು. ನೀರು ತುಂಬಿ ಒಂದು ರಾತ್ರಿ ಹಾಗೇ ಬಿಟ್ಟು, ಅದರ ಬಿಸಿ ಪೈಪಿನ ಬಿಸಿಗೆ ಹೊಂದಿಕೊಂಡ ಮೇಲೆ, ನೆರಳಿನ ಹೊತ್ತಿನಲ್ಲಿ ಒತ್ತಡ ಏರಿಸುವುದು ಸರಿಯಾದ ಕ್ರಮ.

ಇನ್ನೊಂದು ಬಗೆಯ ಹಾಳೆಯೂ ಇದೆ. ಐದು ಸಲವೂ 14.0, 14.0, 14.0. ಐದೂ ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ ಬರೆದ ಹಾಗೆ. ಪರೀಕ್ಷೆ ಚೆನ್ನಾಗಿಯೇ ನಡೆದಿರಬಹುದು. ಮುಳ್ಳು ಸಿಕ್ಕಿಹಾಕಿಕೊಂಡಿರಲೂಬಹುದು. ಆಫೀಸಿನಲ್ಲಿ ಕೂತು ಬರೆದಿರಲೂಬಹುದು. ಈ ಅನುಮಾನಕ್ಕೆ ಉತ್ತರ ಕೊಡುವ ಸಾಲು ಒಂದಿದೆ: ‘ಒತ್ತಡ ಇಳಿಸಿದ ಮೇಲೆ ಗೇಜ್ ಸೊನ್ನೆಗೆ ಮರಳಿತು’. ಪಕ್ಕದಲ್ಲಿ ಎರಡನೆಯ ಗೇಜ್ ಇಟ್ಟು ಅದರ ಅಂಕಿಯನ್ನೂ ಬರೆದಿದ್ದರೆ ಇನ್ನೂ ಒಳ್ಳೆಯದು.

ಡಮ್ಮಿಗಳ ಲೆಕ್ಕ

ಪರೀಕ್ಷೆಯ ಭಾಗವನ್ನು ಬೇರ್ಪಡಿಸಲು ಫ್ಲಾಂಜುಗಳ ನಡುವೆ ಕಬ್ಬಿಣದ ತಟ್ಟೆ ಹಾಕುತ್ತಾರೆ. ಸೈಟಿನಲ್ಲಿ ಅದನ್ನು ಡಮ್ಮಿ ಎನ್ನುತ್ತಾರೆ. ಪಂಪು, ಪ್ರೆಶರ್ ಸ್ವಿಚ್‌ಗಳಂಥ ಸೂಕ್ಷ್ಮ ಸಾಮಾನುಗಳಿಗೆ ಈ ಒತ್ತಡ ತಾಗದಂತೆ ನೋಡಿಕೊಳ್ಳಬೇಕಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ಡಮ್ಮಿ ಒಳಗೇ ಉಳಿದುಬಿಟ್ಟರೆ, ಆ ಪೈಪು ಒತ್ತಡ ಪರೀಕ್ಷೆಯಲ್ಲಿ ಪಾಸಾದದ್ದು ನಿಜ, ಆದರೆ ಬೆಂಕಿ ಬಿದ್ದ ದಿನ ಅದರಲ್ಲಿ ನೀರೇ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡು ಫ್ಲಾಂಜು, ಬೋಲ್ಟು, ಮೇಲೆ ಕೆಂಪು ಬಣ್ಣ, ಎಲ್ಲ ಸರಿಯಾಗಿಯೇ ಕಾಣುತ್ತದೆ.

ಆದ್ದರಿಂದ ಡಮ್ಮಿಗೆ ಹೊರಕ್ಕೆ ಚಾಚಿದ, ಬಣ್ಣ ಬಳಿದ ಕಿವಿಯಿರಬೇಕು. ಪ್ರತಿಯೊಂದಕ್ಕೂ ನಂಬರ್ ಇರಬೇಕು. ಹಾಳೆಯಲ್ಲಿ ಹಾಕಿದ ಜಾಗ ಮತ್ತು ತೆಗೆದ ಜಾಗ ಎರಡೂ ಬರೆದಿರಬೇಕು. ನಾಲ್ಕು ಹಾಕಿದ್ದರೆ ನಾಲ್ಕು ತೆಗೆದಿರಬೇಕು. ಹಾಳೆಯಲ್ಲಿ ‘ಪಾಸ್’ ಎಂಬ ಪದದಷ್ಟೇ ತೂಕದ ಸಾಲು ಇದು.

ಯಾರು, ಯಾವಾಗ ಸಹಿ ಹಾಕಿದರು?

ಸಹಿ ಮೂವರದು: ಪೈಪು ಹಾಕಿದ ಗುತ್ತಿಗೆದಾರರ ಎಂಜಿನಿಯರ್, ಕೆಲಸದ ಮೇಲ್ವಿಚಾರಕರು ಅಥವಾ ಸಲಹೆಗಾರರು, ಮತ್ತು ಮಾಲೀಕರ ಪ್ರತಿನಿಧಿ. ಆದರೆ ಕೊನೆಯಲ್ಲಿ ಬಂದು ಗೇಜ್ ನೋಡಿ ಸಹಿ ಹಾಕಿದವರಿಗೆ ಗೊತ್ತಿರುವುದು ಆ ಕ್ಷಣದ ಒತ್ತಡ ಮಾತ್ರ. ನಡುವೆ ಪಂಪು ಎರಡು ಸಲ ಹೊಡೆದಿದ್ದರೆ ಅವರಿಗೆ ಹೇಗೆ ತಿಳಿಯಬೇಕು? ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ಗಂಟೆ ಬರೆದು ಸಹಿ ಹಾಕುವ ಕ್ರಮ ಒಳ್ಳೆಯದು. ಏರಿಸಿದ ಕೂಡಲೇ ಟೆಸ್ಟ್ ಪಂಪಿನ ಹೋಸನ್ನು ಕಳಚಿ ಪಕ್ಕಕ್ಕಿಟ್ಟರೆ ಅನುಮಾನಕ್ಕೇ ಜಾಗವಿಲ್ಲ. ಫೇಲಾದ ಮೊದಲ ದಿನದ ಹಾಳೆಯನ್ನೂ ಎರಡನೆಯದರ ಹಿಂದೆ ಇಡಬೇಕು. ಎಲ್ಲಿ ಸೋರಿತ್ತು, ಏನು ಸರಿಪಡಿಸಿದರು ಎಂಬುದು ಹತ್ತು ವರ್ಷದ ನಂತರ ಅದೇ ಜಾಗ ತೇವವಾದಾಗ ಬೇಕಾಗುತ್ತದೆ. ಯಾವ ಭಾಗಕ್ಕೆ ಪರೀಕ್ಷೆ ಆಯಿತು ಎಂದು ನಕ್ಷೆಯಲ್ಲಿ ಬಣ್ಣ ಹಚ್ಚಿ ಲಗತ್ತಿಸದಿದ್ದರೆ, ‘ರೈಸರ್ ಪಾಸ್’ ಎಂಬ ಮಾತು ಯಾವ ರೈಸರಿನದು ಎಂಬುದೇ ತಿಳಿಯುವುದಿಲ್ಲ.

ಹಾಳೆ ಹೇಳದ ಸಂಗತಿಗಳು

ಈ ಪರೀಕ್ಷೆ ಪೈಪು ಆ ದಿನ ಒತ್ತಡ ತಡೆಯಿತು, ಸೋರಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ತುದಿಯ ಹೋಸಿನಲ್ಲಿ ಸಾಕಷ್ಟು ನೀರು ಹರಿಯುತ್ತದೆಯೇ ಎಂದು ಹೇಳುವುದಿಲ್ಲ. ಪೈಪಿನೊಳಗೆ ಸಿಮೆಂಟ್ ಚೀಲವೋ ವೆಲ್ಡಿಂಗ್ ಚೂರೋ ಉಳಿದಿದ್ದರೂ, ನಿಂತ ನೀರಿನ ಒತ್ತಡ ಅದರ ಸುತ್ತ ಸರಾಗವಾಗಿ ಹಬ್ಬುತ್ತದೆ. ಅದಕ್ಕೆ ರಭಸದ ನೀರು ಬಿಟ್ಟು ತೊಳೆಯುವ ಕೆಲಸ, ನೀರು ಹರಿಸಿ ಅಳೆಯುವ ಪರೀಕ್ಷೆ ಬೇರೆಯೇ ಆಗಬೇಕು, ಅವಕ್ಕೆ ಬೇರೆಯೇ ಹಾಳೆಗಳಿರಬೇಕು. ಮುಂದಿನ ವರ್ಷಗಳ ತುಕ್ಕಿನ ಬಗ್ಗೆಯೂ ಈ ಹಾಳೆ ಏನೂ ಹೇಳದು.

ಜಾಲ ಬದಲಾದ ದಿನ ಹಳೆಯ ಹಾಳೆಯ ಅವಧಿ ಆ ಭಾಗದ ಮಟ್ಟಿಗೆ ಮುಗಿಯಿತು. ಒಳಾಂಗಣ ಅಲಂಕಾರಕ್ಕೆಂದು ಮನೆಯವರು ಸ್ಪ್ರಿಂಕ್ಲರ್ ಪೈಪನ್ನು ಎರಡಡಿ ಜರುಗಿಸಿದರೆ ಅಲ್ಲಿ ಹೊಸ ಜಾಯಿಂಟುಗಳು ಹುಟ್ಟುತ್ತವೆ. ಇಪ್ಪತ್ತು ಅಥವಾ ಅದಕ್ಕಿಂತ ಕಡಿಮೆ ಸ್ಪ್ರಿಂಕ್ಲರುಗಳ ಬದಲಾವಣೆಗೆ 200 ಪಿಎಸ್‌ಐ ಬೇಡ, ಕೆಲಸದ ಒತ್ತಡದಲ್ಲೇ ಪರೀಕ್ಷಿಸಿದರೆ ಸಾಕು ಎಂದು ಎನ್‌ಎಫ್‌ಪಿಎ 13 ರಿಯಾಯಿತಿ ಕೊಡುತ್ತದೆ. ಪರೀಕ್ಷೆಯೇ ಬೇಡ ಎಂದು ಮಾತ್ರ ಹೇಳುವುದಿಲ್ಲ. ನಿವಾಸಿಗಳ ಸಂಘ ಮಾಡಬಹುದಾದ ಕೆಲಸ ಸುಲಭದ್ದು. ಅಂಥ ಪ್ರತಿ ಬದಲಾವಣೆಗೂ ಗೇಜಿನ ಜಾಗ, ಒತ್ತಡ, ಸಮಯ, ಅಂಕಿಗಳು ಮತ್ತು ಸಹಿಯಿರುವ ಹೊಸ ಹಾಳೆ ಕೇಳಬೇಕು. ಅದು ಫೈಲಿಗೆ ಸೇರಿದ ಮೇಲಷ್ಟೇ ಸೀಲಿಂಗ್ ಮುಚ್ಚಲು ಅನುಮತಿ ಕೊಡಬೇಕು.